7 ತಿಂಗಳು ಎಂದದ್ದು 32 ತಿಂಗಳಾಯ್ತು: ಎಲ್‌ಇಡಿ ಬ್ಯಾಟನ್ ಹಾಕಿಸುವ ಮುಂಚೆ ಓದಿ

ನಮ್ಮ ಸಣ್ಣ ಆಫೀಸಿನಲ್ಲಿ 20 ಹಳೆಯ ಟ್ಯೂಬ್‌ಲೈಟ್ ಇದ್ದವು. ಎಲ್ಲವನ್ನೂ ತೆಗೆಸಿ 20 ವ್ಯಾಟ್‌ನ ಬ್ಯಾಟನ್ ಹಾಕಿಸಿದೆ. ಹಾಕಿದ ದುಡ್ಡು 7 ತಿಂಗಳಲ್ಲಿ ವಾಪಸ್ ಬರುತ್ತದೆ ಎಂದು ಮಾರಿದವರು ಲೆಕ್ಕ ಬರೆದುಕೊಟ್ಟಿದ್ದರು. ನಾನು ಕೂಡಿಸಿ ಗುಣಿಸಿ ನೋಡಿದೆ, ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಅವರು ಹಿಡಿದ ಅಂಕಿಗಳಲ್ಲಿ.

ಬೆಲೆ ಊರಿಂದೂರಿಗೆ ಬೇರೆ. ಹಾಗಾಗಿ ಕರೆಂಟಿನ ಯೂನಿಟ್‌ನಲ್ಲೇ ಹೇಳುತ್ತೇನೆ. ಕೂಲಿ ಸೇರಿ ಒಂದು ಬ್ಯಾಟನ್‌ಗೆ ನಮಗೆ 80 ಯೂನಿಟ್ ಕರೆಂಟಿನಷ್ಟು ಖರ್ಚಾಯಿತು. 20ಕ್ಕೆ 1,600 ಯೂನಿಟ್.

ಅವರು ಹಳೆಯ ಟ್ಯೂಬ್ ಒಂದಕ್ಕೆ ಚೋಕ್ ಸೇರಿ 52 ವ್ಯಾಟ್ ಹಿಡಿದಿದ್ದರು. ಅಂದರೆ ಉಳಿತಾಯ 32 ವ್ಯಾಟ್. ದಿನಕ್ಕೆ 12 ಗಂಟೆ, ವರ್ಷಕ್ಕೆ 365 ದಿನ. ಭಾನುವಾರವೂ ನಾವು ಕೆಲಸ ಮಾಡುತ್ತೇವೆ ಅಂತ ಅವರಿಗೆ ಯಾರು ಹೇಳಿದರೋ! ನಮ್ಮದು ದಿನಕ್ಕೆ 9 ಗಂಟೆ, ವರ್ಷಕ್ಕೆ 300 ದಿನ.

ವ್ಯಾಟ್ ಕೂಡ ತಪ್ಪು. ನಮ್ಮವೆಲ್ಲ 36 ವ್ಯಾಟ್ ಟ್ಯೂಬ್. ಅದರಲ್ಲಿ 8ಕ್ಕೆ ಮಾತ್ರ ಹಳೆಯ ತಾಮ್ರದ ಚೋಕ್ ಇತ್ತು. ಅವು ಸುಮಾರು 46 ವ್ಯಾಟ್ ಎಳೆಯುತ್ತವೆ. ಉಳಿದ 12 ಎಲೆಕ್ಟ್ರಾನಿಕ್ ಚೋಕಿನವು, ಚೋಕ್ ಸೇರಿಯೇ ಸುಮಾರು 36. ಗುರುತಿಸುವುದು ಸುಲಭ: ಸ್ಟಾರ್ಟರ್ ಇದ್ದು, ಮಿಣಮಿಣ ಎಂದು ಹೊತ್ತಿಕೊಂಡು, ಗುಂಯ್ ಅಂದರೆ ತಾಮ್ರದ್ದು. ಸ್ವಿಚ್ ಹಾಕಿದ ತಕ್ಷಣ ಸದ್ದಿಲ್ಲದೆ ಹೊತ್ತಿದರೆ ಎಲೆಕ್ಟ್ರಾನಿಕ್.

ಒಂದೊಂದನ್ನೂ ಬೇರೆ ಬೇರೆ ಲೆಕ್ಕ ಹಾಕಿದಾಗ ನಿಜ ತಿಳಿಯಿತು. ತಾಮ್ರದ ಚೋಕಿನ ಜಾಗದ ಬ್ಯಾಟನ್ ವರ್ಷಕ್ಕೆ 70 ಯೂನಿಟ್ ಉಳಿಸುತ್ತದೆ, 14 ತಿಂಗಳಲ್ಲಿ ಅಸಲು ಬರುತ್ತದೆ. ಎಲೆಕ್ಟ್ರಾನಿಕ್ ಚೋಕಿನ ಜಾಗದ್ದು 43 ಯೂನಿಟ್, 22 ತಿಂಗಳು. ಆದರೆ ಆ 12ರಲ್ಲಿ 6 ಇದ್ದದ್ದು ಸ್ಟೋರ್ ರೂಮ್, ಮೀಟಿಂಗ್ ರೂಮಿನಲ್ಲಿ. ದಿನಕ್ಕೆ ಒಂದು ಗಂಟೆ ಉರಿದರೆ ಹೆಚ್ಚು. ಅವು ಉಳಿಸುವುದು ವರ್ಷಕ್ಕೆ 5 ಯೂನಿಟ್ಟೂ ಇಲ್ಲ. ಅಸಲು ಬರಲು 16 ವರ್ಷ ದಾಟುತ್ತದೆ! ವಾರಂಟಿ ಇರುವುದೇ 2 ವರ್ಷ. ಆ ಆರನ್ನು ಸುಮ್ನೆ ಬಿಟ್ಟಿದ್ದರೆ ಆಗುತ್ತಿತ್ತು, ಅಲ್ವಾ?

ಇಷ್ಟಾದರೂ ಒಟ್ಟು 23 ತಿಂಗಳಿಗೆ ಮುಗಿಯುತ್ತಿತ್ತು. ಆದರೆ ಗೋಡೆ ಪಕ್ಕದ ಮೇಜುಗಳಿಗೆ ಬೆಳಕು ಸಾಲಲಿಲ್ಲ. ನಾನು ವ್ಯಾಟ್ ನೋಡಿದ್ದೆ, ಲ್ಯೂಮೆನ್ ನೋಡಿರಲಿಲ್ಲ. ಬ್ಯಾಟನ್ ಡಬ್ಬದ ಮೇಲೆ 1,800 ಎಂದಿತ್ತು. 36 ವ್ಯಾಟ್ ಟ್ಯೂಬ್ ಹೊಸದಿದ್ದಾಗ 2,400ರ ಮೇಲೇ ಕೊಡುತ್ತದೆ. ಬ್ಯಾಟನ್ ಬೆಳಕೆಲ್ಲ ಕೆಳಗೇ ಬೀಳುತ್ತದೆ ನಿಜ, ಆದರೂ ನಮಗೆ ಕಡಿಮೆಯೇ ಆಯಿತು. ಇನ್ನೂ 3 ಹಾಕಿಸಿದೆ. ಖರ್ಚು ಏರಿತು, ಉಳಿತಾಯ ಇಳಿಯಿತು. ಅಲ್ಲಿಗೆ 32 ತಿಂಗಳು.

ಮೊದಲೇ ಒಂದು ಕೆಲಸ ಮಾಡಬಹುದಿತ್ತು. ರಜೆ ದಿನ ಫ್ಯಾನ್, ಕಂಪ್ಯೂಟರ್ ಎಲ್ಲ ಆರಿಸಿ, ಟ್ಯೂಬ್‌ಗಳನ್ನಷ್ಟೇ ಒಂದು ಗಂಟೆ ಉರಿಸಿ ಮೀಟರ್ ನೋಡುವುದು. ಅವರ ಲೆಕ್ಕ ನಿಜವಾಗಿದ್ದರೆ ಒಂದು ಯೂನಿಟ್ ದಾಟಬೇಕಿತ್ತು. ನಮ್ಮ ಮೀಟರ್ 0.8ರ ಹತ್ತಿರ ನಿಲ್ಲುತ್ತಿತ್ತು.