ಶಿವಮೊಗ್ಗದಿಂದ ಮನೆ ಶಿಫ್ಟ್ ಮಾಡಿಸುವವರು ದಯವಿಟ್ಟು ಇದನ್ನು ಓದಿ: ‘ಡ್ಯಾಮೇಜ್ ಕವರ್’ ಅಂತ ಕಟ್ಟಿದ 6,000 ರೂಪಾಯಿ

ಜುಲೈನಲ್ಲಿ ನಮ್ಮವರಿಗೆ ಉಡುಪಿಗೆ ವರ್ಗವಾಯಿತು. ವಿನೋಬನಗರದ ಮನೆ ಖಾಲಿ ಮಾಡಲು ನಮಗಿದ್ದದ್ದು ಹನ್ನೆರಡು ದಿನ. ಪರಿಚಯದವರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಪ್ಯಾಕರ್ಸ್‌ನವರ ವಿಡಿಯೋ ಕಳಿಸಿದರು. ಎರಡು ನಿಮಿಷದ್ದು. ಮನೆಗೆ ಬಂದು ಸಾಮಾನು ನೋಡುತ್ತಾರೆ, ಮೂರು ಪದರ ಸುತ್ತಿ ಪ್ಯಾಕ್ ಮಾಡುತ್ತಾರೆ, ಲಾರಿಗೆ ಹಾಕುತ್ತಾರೆ, ಹೊಸ ಮನೆಯಲ್ಲಿ ಜೋಡಿಸಿಕೊಡುತ್ತಾರೆ. ಕೊನೆಗೆ ಎರಡು ಮಾತು: “ಪೂರ್ತಿ ಡ್ಯಾಮೇಜ್ ಕವರ್. ಹೇಳಿದ ರೇಟಿಗೆ ಒಂದು ರೂಪಾಯಿ ಹೆಚ್ಚಿಲ್ಲ.” ಫೋನ್ ಮಾಡಿದಾಗ ಹುಡುಗಿ ಅದನ್ನೇ ಅಕ್ಷರ ತಪ್ಪದೆ ಹೇಳಿದಳು. ನಾನು ನಂಬಿದೆ.

ಮೊದಲ ಹಂತವೇ ನಡೆಯಲಿಲ್ಲ. ಮನೆ ನೋಡಲು ಯಾರೂ ಬರಲಿಲ್ಲ. “ಎರಡು ಬೆಡ್‌ರೂಮಾ ಮೇಡಂ?” ಅಂತ ಕೇಳಿ 24,000 ಅಂದರು. ಅದರ ಮೇಲೆ ಸಾಮಾನಿನ ಬೆಲೆ ಎರಡು ಲಕ್ಷ ಅಂತ ಹಿಡಿದು ಶೇಕಡಾ 3ರಂತೆ 6,000 ‘ಕವರ್’ಗೆ. ನಮ್ಮ ಕಡೆಯ ಮನೆಗಳಲ್ಲಿ ಅಟ್ಟದ ಮೇಲೆ ಏನೇನಿರುತ್ತದೆ ಅಂತ ನಿಮಗೇ ಗೊತ್ತು. ತಾಮ್ರದ ಹಂಡೆ, ಮರದ ಪೆಟ್ಟಿಗೆ, ಹಪ್ಪಳದ ಡಬ್ಬಗಳು. ಯಾವುದೂ ಅವರ ಲೆಕ್ಕದಲ್ಲಿರಲಿಲ್ಲ.

ಲಾರಿ ಉಡುಪಿಗೆ ಬಂದದ್ದು ರಾತ್ರಿ ಹತ್ತೂವರೆಗೆ, ಸುರಿವ ಮಳೆಯಲ್ಲಿ. ಇಳಿಸುವ ಮೊದಲೇ ಇನ್ನೂ 7,000 ಕೇಳಿದರು. ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿ ಬಿಡಲಿಲ್ಲ, ಮಾಸ್ತಿಕಟ್ಟೆ ಕಡೆಯಿಂದ ಹುಲಿಕಲ್ ಇಳಿದು ಸಿದ್ದಾಪುರದ ಮೇಲೆ ಬಂದೆವು ಅಂತ 4,000. ಎರಡನೇ ಮಹಡಿಗೆ ಹಮಾಲಿ 1,500. ಅಟ್ಟದ ಸಾಮಾನಿಗೆ 1,500. ಮಳೆಗಾಲದಲ್ಲಿ ಆಗುಂಬೆಯಲ್ಲಿ ಭಾರೀ ವಾಹನಗಳಿಗೆ ತಡೆ ಹಾಕುವುದು ಶಿವಮೊಗ್ಗದ ಲಾರಿಯವರಿಗೆ ಗೊತ್ತಿಲ್ಲದ ವಿಷಯವೇ? ಆದರೆ ಸಾಮಾನೆಲ್ಲ ಅವರ ಗಾಡಿಯೊಳಗಿತ್ತು. ಕೊಟ್ಟೆವು. ರೇಟು ನಿಜಕ್ಕೂ ಫಿಕ್ಸ್ ಆಗಬೇಕಾದರೆ ಅವರು ಮನೆಗೆ ಬಂದು ಪಟ್ಟಿ ಮಾಡಬೇಕು. ಯಾವ ದಾರಿ, ಎರಡೂ ಕಡೆ ಎಷ್ಟನೇ ಮಹಡಿ, ಹಮಾಲಿ, ಟೋಲು, ಜಿಎಸ್‌ಟಿ ಎಲ್ಲ ಆ ಹಾಳೆಯಲ್ಲೇ ಬರೆದು ಸಹಿ ಹಾಕಬೇಕು. ಇದನ್ನು ನಾನು ಆಮೇಲೆ ಕಲಿತೆ.

ಹಣ ಹೋದದ್ದಕ್ಕಿಂತ ನೋವಾದದ್ದು ಅಜ್ಜಿಯ ಬೀಟೆ ಮಂಚದ್ದು. ಒಂದು ಕಾಲು ಬುಡದಲ್ಲೇ ಸೀಳಿತ್ತು. ಮೂರು ಪದರದ ಬದಲು ಒಂದು ಹಳೇ ಗೋಣಿ ಸುತ್ತಿದ್ದರು. ಟಾರ್ಪಾಲು ಹರಿದು ಪುಸ್ತಕದ ರಟ್ಟಿನ ಪೆಟ್ಟಿಗೆಗಳು ನೆನೆದಿದ್ದವು. ಫ್ರಿಜ್ ಮಲಗಿಸಿ ತಂದಿದ್ದರು, ಮರುದಿನ ತಣ್ಣಗಾಗಲೇ ಇಲ್ಲ.

ಕವರ್ ಇದೆಯಲ್ಲ ಅಂತ ಧೈರ್ಯದಿಂದ ಫೋನ್ ಮಾಡಿದೆ. ಪಾಲಿಸಿ ನಂಬರ್ ಕೇಳಿದರೆ ಎರಡು ವಾರ ಇವತ್ತು ನಾಳೆ ಅಂದರು. ಕೊನೆಗೆ ಹೇಳಿದ್ದು, “ಅದು ಇನ್ಶೂರೆನ್ಸ್ ಅಲ್ಲ ಮೇಡಂ, ಎಫ್‌ಒವಿ ಚಾರ್ಜು.” ಬಿಲ್ ತೆಗೆದು ನೋಡಿದರೆ ಹೌದು, ಅಲ್ಲಿ ‘ಎಫ್‌ಒವಿ 3%’ ಅಂತಲೇ ಇತ್ತು. ಈ ವ್ಯತ್ಯಾಸವೇ ನಿಮಗೆ ಗೊತ್ತಿರಬೇಕಾದದ್ದು. ಟ್ರಾನ್ಸಿಟ್ ಇನ್ಶೂರೆನ್ಸ್ ಅಂದರೆ ವಿಮಾ ಕಂಪನಿ ಕೊಡುವ ಪಾಲಿಸಿ. ಅದರಲ್ಲಿ ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಬೆಲೆಯ ಸಾಮಾನು ಎಲ್ಲ ಇರುತ್ತದೆ, ನಂಬರ್ ಹಿಡಿದು ಆ ಕಂಪನಿಯಲ್ಲೇ ವಿಚಾರಿಸಬಹುದು. ಎಫ್‌ಒವಿ ಅಂದರೆ ಸಾಮಾನಿನ ಬೆಲೆಯ ಮೇಲೆ ಸಾಗಣೆಯವನೇ ತೆಗೆದುಕೊಳ್ಳುವ ಹಣ. ಹಾನಿ ಕಟ್ಟಿಕೊಡುವುದೂ ಬಿಡುವುದೂ ಅವನ ಷರತ್ತಿನ ಪ್ರಕಾರ. ನಮ್ಮ ಲಾರಿ ರಸೀದಿಯ ಹಿಂಭಾಗದಲ್ಲಿ ‘ಓನರ್ಸ್ ರಿಸ್ಕ್’ ಅಂತ ಸಣ್ಣಕ್ಷರದಲ್ಲಿತ್ತು. ಅಂದರೆ ಹಾನಿ ನಮ್ಮ ತಲೆಗೇ ಅಂತ ಅವರ ಲೆಕ್ಕ.

ನನ್ನಿಂದ ಇನ್ನೊಂದು ತಪ್ಪಾಯಿತು. ರಾತ್ರಿ ಹನ್ನೆರಡಕ್ಕೆ, ನಿದ್ದೆಗಣ್ಣಲ್ಲಿ, ಡೆಲಿವರಿ ಹಾಳೆಗೆ ಸಹಿ ಹಾಕಿಬಿಟ್ಟೆ. ‘ಸಾಮಾನು ಸುಸ್ಥಿತಿಯಲ್ಲಿ ತಲುಪಿದೆ’ ಅಂತ ಅದರಲ್ಲಿ ಮೊದಲೇ ಅಚ್ಚಾಗಿತ್ತು. ಮಂಚದ ಕಾಲು ಸೀಳಿದೆ, ಇಷ್ಟು ಪೆಟ್ಟಿಗೆ ನೆನೆದಿವೆ ಅಂತ ಆ ಹಾಳೆಯ ಮೇಲೇ ಬರೆದು ಸಹಿ ಹಾಕಿ, ಅದರ ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು. ನಿಜವಾದ ಪಾಲಿಸಿ ಇದ್ದಿದ್ದರೂ ಕೇಳುವುದು ಈ ಬರಹವನ್ನೇ. ಫ್ರಿಜ್ ವಿಷಯದಲ್ಲಿ ಪಾಲಿಸಿಯಿದ್ದರೂ ಕಷ್ಟವಾಗುತ್ತಿತ್ತು. ಹೊರಗೆ ಪೆಟ್ಟಿನ ಗುರುತಿಲ್ಲದೆ ಒಳಗಿನ ಯಂತ್ರ ಕೆಟ್ಟರೆ ಸಾಮಾನ್ಯವಾಗಿ ಅದನ್ನು ಪಾಲಿಸಿಯಿಂದ ಹೊರಗಿಟ್ಟಿರುತ್ತಾರೆ. ಆದ್ದರಿಂದ ಲಾರಿಗೆ ಹಾಕುವ ಮುಂಚೆ ಫ್ರಿಜ್, ಟಿವಿ, ವಾಷಿಂಗ್ ಮೆಷಿನ್ ಚಾಲೂ ಇರುವ ವಿಡಿಯೋ ಮಾಡಿಕೊಳ್ಳಿ, ಫ್ರಿಜ್ ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು ಅಂತ ಎದುರು ನಿಂತು ಹೇಳಿ.

ಪರಿಚಯದ ವಕೀಲರೊಬ್ಬರು ಒಂದು ಮಾತು ಹೇಳಿದರು. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಗಣೆಯವರ ಮೇಲೆ ದಾವೆ ಹಾಕಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಹಾನಿಯ ಬಗ್ಗೆ ಬರವಣಿಗೆಯಲ್ಲಿ ನೋಟಿಸ್ ತಲುಪಿರಬೇಕು. ಫೋನಿನಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟೆ. ಆ ವಿಡಿಯೋ, ಬಿಲ್, ಲಾರಿ ರಸೀದಿ, ಮಂಚದ ಫೋಟೋ ಎಲ್ಲ ಜೋಡಿಸಿ ಹೋದ ವಾರ ನೋಟಿಸ್ ಕಳಿಸಿದ್ದೇವೆ. ಉತ್ತರ ಬರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಅಜ್ಜಿಯ ಮಂಚದ ಆ ಮೂಲೆಗೆ ಸದ್ಯಕ್ಕೆ ಎರಡು ಇಟ್ಟಿಗೆ ಕೊಟ್ಟಿದ್ದೇವೆ.