ನೀಲಿ ಪುಡಿ, ದ್ರವ ನೀಲಿ, ಅನ್ನದ ಗಂಜಿ, ಸಬ್ಬಕ್ಕಿ ಗಂಜಿ: ಬಿಳಿ ಅಂಗಿಗೂ ಹತ್ತಿ ಸೀರೆಗೂ ಹಾಕಿ ನೋಡಿದ್ದು

ಮಗಳಿಗೆ ಶಾಲೆಯ ಸಮವಸ್ತ್ರದ ಬಿಳಿ ಅಂಗಿಗಳು ಎರಡಿವೆ. ದೂರದಿಂದ ಎರಡೂ ಒಂದೇ ರೀತಿ ಕಂಡರೂ ಒಂದು ಅಪ್ಪಟ ಹತ್ತಿಯದು, ಇನ್ನೊಂದು ಪಾಲಿಯೆಸ್ಟರ್ ಬೆರೆತ ಟೆರಿಕಾಟ್. ಇಷ್ಟು ವರ್ಷ ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ ನೀಲಿ ಹಾಕುತ್ತಿದ್ದ ನಾನು, ಒಂದು ಅಂಗಿ ತಿಳಿಯಾಗಿಯೂ ಇನ್ನೊಂದು ತೇಪೆ ತೇಪೆಯಾಗಿಯೂ ಒಣಗುವುದೇಕೆ ಎಂದು ಯೋಚಿಸಿರಲಿಲ್ಲ. ಈ ಸಲ ಶಾಲೆ ಆರಂಭವಾದಾಗಿನಿಂದ ಒಂದು ವಾರ ಪುಡಿಯನ್ನೂ ಮರುವಾರ ದ್ರವವನ್ನೂ ಬಳಸಿ, ಎರಡು ಅಂಗಿಗಳನ್ನೂ ಬೇರೆ ಬೇರೆಯಾಗಿ ಒಗೆದು ನೋಡಿದೆ.

ಮೊದಲು ನೀಲಿಯ ಕೆಲಸವೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನೀಲಿ ಕೊಳೆಯನ್ನು ತೆಗೆಯುವುದಿಲ್ಲ. ಒಗೆದು ಒಗೆದು ಹಳದಿಗೆ ತಿರುಗಿದ ಬಿಳಿ ಬಟ್ಟೆಯ ಮೇಲೆ ತೆಳುವಾದ ನೀಲಿಯನ್ನೋ ನೇರಳೆಯನ್ನೋ ಲೇಪಿಸಿ, ಆ ಹಳದಿ ಕಣ್ಣಿಗೆ ಬೀಳದಂತೆ ಮಾಡುತ್ತದೆ, ಅಷ್ಟೇ. ಹಾಗೆ ಮಾಡುವಾಗ ಬಟ್ಟೆಯಿಂದ ಮರಳಿ ಬರುವ ಒಟ್ಟು ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಆದ್ದರಿಂದಲೇ ಹಳದಿ ತೆಳುವಾಗಿದ್ದಾಗ ನೀಲಿ ಹಾಕಿದ ಬಟ್ಟೆ ಬೆಳ್ಳಗೆ ತೋರುತ್ತದೆ, ಹಳದಿ ದಟ್ಟವಾಗಿದ್ದರೆ ಬೂದಿ ಬಣ್ಣಕ್ಕೆ ಇಳಿಯುತ್ತದೆ. ಮಗಳ ಅಂಗಿಯ ಕಾಲರಿನಲ್ಲಿ ನನಗೆ ಕಂಡದ್ದು ಇದೇ. ಬೆವರಿನಿಂದ ಹಳದಿಯಾಗಿದ್ದ ಆ ಪಟ್ಟಿಯನ್ನು ಸರಿಯಾಗಿ ತಿಕ್ಕದೆ ದ್ರವ ನೀಲಿಯಲ್ಲಿ ಅದ್ದಿದ್ದೆ. ಮೈಭಾಗವೆಲ್ಲ ತಿಳಿಯಾಗಿ ಬೆಳಗಿದರೆ ಕಾಲರು ಮಾತ್ರ ಸ್ಲೇಟು ಒರೆಸಿದ ಬಟ್ಟೆಯಂತಾಯಿತು. ಅದೇ ತಪ್ಪನ್ನು ನೀಲಿ ಪುಡಿಯಲ್ಲಿ ಮಾಡಿದ ವಾರ ಕಾಲರಿಗೆ ತುಸು ಹಸಿರು ಛಾಯೆ ಬಂದಿತ್ತು. ದ್ರವದ ಬಣ್ಣ ನೇರಳೆಯ ಕಡೆಗೂ ಪುಡಿಯ ಬಣ್ಣ ಶುದ್ಧ ನೀಲಿಯ ಕಡೆಗೂ ಇರುವುದೇ ಈ ವ್ಯತ್ಯಾಸಕ್ಕೆ ಕಾರಣ.

ಇನ್ನು ಎರಡರ ನಡುವಿನ ಆಯ್ಕೆ. ನೀಲಿ ಪುಡಿ ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತದೆ, ಸುಮ್ಮನೆ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ನಮ್ಮ ಅತ್ತೆಯವರು ಅದನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅಲ್ಲಾಡಿಸುತ್ತಿದ್ದುದು ಇದಕ್ಕಾಗಿಯೇ. ನಾನು ಗಂಟು ಕಟ್ಟುವ ಸೋಮಾರಿತನಕ್ಕೆ ಚಮಚದಲ್ಲಿ ನೇರವಾಗಿ ಹಾಕಿದ ದಿನ ಜೇಬಿನ ಮೂಲೆಯಲ್ಲಿ ಸಾಸಿವೆ ಗಾತ್ರದ ನೀಲಿ ಚುಕ್ಕಿಗಳು ಕೂತವು. ಸೋಪು ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದಾಗ ಅವು ಹೋದವು, ಏಕೆಂದರೆ ಅವು ನೂಲಿಗೆ ಹಿಡಿದ ಬಣ್ಣವಲ್ಲ, ಎಳೆಗಳ ಸಂದಿನಲ್ಲಿ ಸಿಕ್ಕಿಕೊಂಡ ಕಣಗಳು.

ದ್ರವ ನೀಲಿ ಹಾಗಲ್ಲ. ಅದು ಪೂರ್ತಿ ಕರಗುತ್ತದೆ, ಆದ್ದರಿಂದ ಚುಕ್ಕಿ ಬೀಳುವುದಿಲ್ಲ, ಆದರೆ ತೇಪೆ ಬೀಳುತ್ತದೆ. ಅರ್ಧ ಬಕೆಟ್ ನೀರಿಗೆ ನಾಲ್ಕೈದು ಹನಿ ಸಾಕು. ಕೈಯಿಂದ ಚೆನ್ನಾಗಿ ಕದಡಿ, ಬಿಳಿ ಬಟ್ಟಲಿನಲ್ಲಿ ಒಂದಿಷ್ಟು ತೆಗೆದು ನೋಡಿದಾಗ ನೀರು ಬಣ್ಣವಿದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿರಬೇಕು. ಬಟ್ಟೆ ಮೊದಲೇ ಪೂರ್ತಿ ಒದ್ದೆಯಾಗಿರಬೇಕು. ಒಣಗಿದ ಬಟ್ಟೆಯನ್ನು ಇಳಿಸಿದರೆ ಮೊದಲು ನೀರು ತಾಗಿದ ಜಾಗ ಹೆಚ್ಚು ಬಣ್ಣ ಹೀರುತ್ತದೆ. ಸೋಪಿನ ನೊರೆ ಉಳಿದಿದ್ದರೂ ಅದೇ ಗತಿ. ನಾನು ಎಡವಿದ್ದು ಇವೆರಡರಲ್ಲೂ ಅಲ್ಲ, ಒಣಗಿಸುವುದರಲ್ಲಿ. ಹತ್ತಿ ಅಂಗಿಯನ್ನು ಹಿಂಡದೆ ತಂತಿಗೆ ಹಾಕಿದ್ದರಿಂದ ನೀರು ಕೆಳಗಿಳಿಯುತ್ತಾ ಬಣ್ಣವನ್ನೂ ಜೊತೆಗೆ ಒಯ್ದು, ಕೆಳ ಅಂಚಿನ ಮಡಿಕೆಯಲ್ಲೂ ಜೇಬಿನ ಹೊಲಿಗೆಯಲ್ಲೂ ಸೇರಿಸಿತು. ಒಣಗಿದ ಮೇಲೆ ಅಂಚಿನಲ್ಲಿ ಎರಡು ಬೆರಳಗಲದ ನೇರಳೆ ಗೆರೆ! ತಿಳಿನೀರಿನಲ್ಲಿ ಮೂರು ಸಲ ನೆನೆಸಿ ತೆಗೆದಾಗ ಬಹುಪಾಲು ಬಿಟ್ಟಿತು. ಈಗ ನೀಲಿಯಿಂದ ತೆಗೆದ ಕೂಡಲೇ ಹಿಂಡಿ, ಕೊಡವಿ, ಅರ್ಧ ಒಣಗುವಾಗ ಒಮ್ಮೆ ತಲೆಕೆಳಗಾಗಿಸುತ್ತೇನೆ.

ಟೆರಿಕಾಟ್ ಅಂಗಿಯ ಮೇಲೆ ಎರಡು ನೀಲಿಗಳೂ ಹೆಚ್ಚು ನಿಲ್ಲಲಿಲ್ಲ. ಪಾಲಿಯೆಸ್ಟರ್ ನೀರನ್ನೇ ಹೆಚ್ಚು ಹೀರುವುದಿಲ್ಲ, ಹೀಗಾಗಿ ನೀಲಿ ಅದರೊಳಗಿನ ಹತ್ತಿ ಎಳೆಗಳ ಮೇಲಷ್ಟೇ ಅಲ್ಲಲ್ಲಿ ಉಳಿಯುತ್ತದೆ. ಬಣ್ಣ ಕಾಣುತ್ತಿಲ್ಲವೆಂದು ಹನಿ ಹೆಚ್ಚಿಸಿದರೆ ಹೊಲಿಗೆಯ ಹತ್ತಿ ದಾರ ಮಾತ್ರ ನೀಲಿಯಾಗಿ ಎದ್ದು ಕಾಣುತ್ತದೆ. ಆ ಅಂಗಿಗೆ ನೀಲಿ ಹಾಕುವುದನ್ನೇ ಬಿಟ್ಟು, ಕಾಲರಿಗೆ ಮೊದಲು ಸೋಪು ಹಚ್ಚಿ ಅರ್ಧ ಗಂಟೆ ಇಡುವುದೇ ಹೆಚ್ಚು ಫಲ ಕೊಟ್ಟಿದೆ. ಹತ್ತಿ ಅಂಗಿಗೆ ನನ್ನ ಆಯ್ಕೆ ದ್ರವ ನೀಲಿ, ಅದೂ ಮೂರ್ನಾಲ್ಕು ಒಗೆತಕ್ಕೊಮ್ಮೆ.

ಗಂಜಿಯ ವಿಷಯದಲ್ಲಿ ತೀರ್ಪು ಇಷ್ಟು ಸರಳವಲ್ಲ. ಅನ್ನ ಬಸಿದ ಗಂಜಿ ಮನೆಯಲ್ಲಿ ಪುಕ್ಕಟೆ ಸಿಗುತ್ತದೆ, ಬಿಳಿ ಸೀರೆಗೆ ಹದವಾದ ಬಿಗುವನ್ನೂ ಕೊಡುತ್ತದೆ. ಆದರೆ ಅದು ತಣ್ಣಗಾದಾಗ ಹಾಲಿನಂತೆ ಮಸುಕಾಗಿರುತ್ತದೆ, ಕಡು ಬಣ್ಣದ ಬಟ್ಟೆಯ ಮೇಲೆ ಆ ಮಸುಕು ಒಣಗಿ ಬಿಳಿ ಗೆರೆಗಳಾಗಿ ಕೂರುತ್ತದೆ. ನನ್ನ ಕಡು ನೀಲಿ ಇಳಕಲ್ ಸೀರೆಯ ಒಡಲಿಗೆ ಹೀಗಾದಾಗ, ಯಾರೋ ಸುಣ್ಣದ ಗೋಡೆಗೆ ಒರಗಿ ಎದ್ದಂತೆ ಕಾಣುತ್ತಿತ್ತು. ಅದೇ ಸೀರೆಗೆ ಸಬ್ಬಕ್ಕಿ ಗಂಜಿ ಹಾಕಿದಾಗ ಗೆರೆ ಬೀಳಲಿಲ್ಲ, ಏಕೆಂದರೆ ಸಬ್ಬಕ್ಕಿ ಬೆಂದಾಗ ಗಾಜಿನಂತೆ ತಿಳಿಯಾಗುತ್ತದೆ. ಎರಡು ದೊಡ್ಡ ಚಮಚ ಸಬ್ಬಕ್ಕಿಯನ್ನು ಒಂದು ಲೀಟರ್ ನೀರಿನಲ್ಲಿ, ಕಾಳಿನ ನಡುವಿನ ಬಿಳಿ ಚುಕ್ಕಿ ಮಾಯವಾಗುವವರೆಗೂ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ತಣ್ಣೀರು ಸೇರಿಸಿ ನಾಲ್ಕು ಲೀಟರಿನಷ್ಟು ಮಾಡಿಕೊಳ್ಳುತ್ತೇನೆ. ಸೋಸುವುದನ್ನು ಬಿಟ್ಟರೆ ಗಂಟುಗಳು ಸೀರೆಗೆ ಅಂಟಿ, ಇಸ್ತ್ರಿಯ ಬಿಸಿಗೆ ಕಂದು ಕಲೆಗಳಾಗುತ್ತವೆ. ಇಳಕಲ್ ಸೀರೆಯ ಸೆರಗು ರೇಷ್ಮೆಯ ನೂಲಿನದಾದ್ದರಿಂದ ಅದನ್ನು ಕೈಯಲ್ಲಿ ಎತ್ತಿ ಹಿಡಿದು ಒಡಲನ್ನಷ್ಟೇ ಅದ್ದುವುದು ವಾಡಿಕೆಯಾಗಿದೆ. ಗಂಜಿ ಬಿಸಿಯಾಗಿದ್ದರೆ ಸೆರಗಿನ ಕೆಂಪು ಬಿಡುವ ಭಯವೂ ಇದೆ.

ಅನ್ನದ ಗಂಜಿಯಲ್ಲಿ ಇನ್ನೊಂದು ತೊಡಕಿದೆ. ಅಕ್ಕಿ ಬೇಯುವಾಗ ಉಪ್ಪು ಹಾಕುವ ರೂಢಿಯಿರುವ ಮನೆಯ ಗಂಜಿಯನ್ನು ಸೀರೆಗೆ ಹಾಕಬಾರದು. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮಳೆಗಾಲದಲ್ಲಿ ಸೀರೆಯ ಬಿಗುವನ್ನು ಮಧ್ಯಾಹ್ನಕ್ಕೆಲ್ಲ ಸಡಿಲಿಸುತ್ತದೆ. ನಿನ್ನೆಯ ಗಂಜಿ ಹುಳಿ ವಾಸನೆ ಬಿಡುತ್ತದೆ, ಅದು ಇಸ್ತ್ರಿ ಮಾಡುವಾಗ ಮೂಗಿಗೆ ಬಡಿಯುತ್ತದೆ. ಟೆರಿಕಾಟ್ ಅಂಗಿಗಂತೂ ಎರಡೂ ಗಂಜಿ ವ್ಯರ್ಥ: ಅದು ಎಳೆಯೊಳಗೆ ಇಳಿಯದೆ ಮೇಲೆ ತೊಗಟೆಯಂತೆ ನಿಂತು, ಬೆಳಿಗ್ಗೆ ಬಸ್ಸಿನಲ್ಲಿ ಬೆವರಿದಾಗ ಕುತ್ತಿಗೆಗೆ ಅಂಟಿ ಮಗಳು ತುರಿಸಿಕೊಳ್ಳುವಂತೆ ಮಾಡಿತು. ಹತ್ತಿ ಅಂಗಿಗೂ ಕಾಲರು ಮತ್ತು ಮುಂದಿನ ಗುಂಡಿ ಪಟ್ಟಿಗೆ ತೆಳುವಾಗಿ ಹಾಕಿದರೆ ಸಾಕಾಗುತ್ತದೆ.

ಬಿಳಿ ಸೀರೆಗೆ ನೀಲಿಯನ್ನೂ ಗಂಜಿಯನ್ನೂ ಒಟ್ಟಿಗೆ ಹಾಕುವಾಗ ಗಂಜಿ ಕಲಸಿದ ನೀರಿಗೇ ದ್ರವ ನೀಲಿಯ ಹನಿ ಬಿಡುವುದು ಸುಲಭ. ಪುಡಿಯನ್ನು ಹಾಗೆ ಬೆರೆಸಿದರೆ ಗಂಜಿ ಅದರ ಕಣಗಳನ್ನು ಬಟ್ಟೆಗೆ ಅಂಟಿಸಿಬಿಡುತ್ತದೆ. ಕೋರಾ ಬಣ್ಣದ, ಅಂದರೆ ಬಿಳುಪು ಮಾಡದ ಹತ್ತಿ ಸೀರೆಗೆ ಮಾತ್ರ ನೀಲಿ ಬೇಡವೇ ಬೇಡ. ಅದರ ಕೆನೆ ಬಣ್ಣವೇ ಕೆಟ್ಟು ಮಾಸಿದಂತೆ ಕಾಣುತ್ತದೆ.

ಗಂಜಿ ಹಾಕಿದ ಸೀರೆಯನ್ನು ಬಹುಕಾಲ ಮಡಿಸಿಡುವುದು ದೊಡ್ಡ ತಪ್ಪು. ಗಂಜಿಯ ರುಚಿಗೆ ಜಿರಳೆ ಬರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬಿಗಿಯಾದ ಮಡಿಕೆಯ ಗೆರೆಯಲ್ಲೇ ನೂಲು ಸೀಳುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಗೆ, ಮಳೆ ಬರುವ ಮೊದಲು, ಉಡದ ಸೀರೆಗಳ ಗಂಜಿಯನ್ನೆಲ್ಲ ತಿಳಿನೀರಿನಲ್ಲಿ ಬಿಡಿಸಿ ಒಣಗಿಸಿ ಇಡುತ್ತೇನೆ, ಉಡುವ ಹಿಂದಿನ ದಿನವೇ ಮತ್ತೆ ಗಂಜಿ ಹಾಕುತ್ತೇನೆ.