ದಾಖಲೆ ಕೊರತೆಯ ಪತ್ರಕ್ಕೆ ಉತ್ತರ: ನಮ್ಮ ಆರೋಗ್ಯ ವಿಮೆಯೊಂದಿಗಿನ ಅನುಭವ

ಹಲವು ವರ್ಷಗಳಿಂದ ನಮ್ಮ ಮನೆಯವರಿಗೆಲ್ಲ ಒಂದೇ ಕಂಪನಿಯ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಇದೆ. ನವೀಕರಣ, ಪ್ರೀಮಿಯಂ ರಸೀದಿ, ತೆರಿಗೆ ವಿನಾಯಿತಿಗೆ ಬೇಕಾದ ಪ್ರಮಾಣಪತ್ರ ಇವುಗಳಲ್ಲಿ ಎಂದೂ ತೊಂದರೆಯಾಗಿಲ್ಲ. ಕಳೆದ ಮಳೆಗಾಲದಲ್ಲಿ ಅಮ್ಮ ಡೆಂಗಿ ಜ್ವರಕ್ಕಾಗಿ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾಖಲಾದರು. ಆ ಆಸ್ಪತ್ರೆ ಕಂಪನಿಯ ನೆಟ್‌ವರ್ಕ್‌ನಲ್ಲಿ ಇರಲಿಲ್ಲವಾದ್ದರಿಂದ ಬಿಲ್ಲನ್ನು ನಾವೇ ಕಟ್ಟಿ, ಮರುಪಾವತಿಗೆ ಕ್ಲೇಮ್ ಸಲ್ಲಿಸಿದೆವು. ಕೆಲವು ದಿನಗಳ ನಂತರ ಕೊರತೆಯ ಪತ್ರ ಬಂತು. ಡಿಸ್ಚಾರ್ಜ್ ಸಮ್ಮರಿ ಇಲ್ಲ, ಲ್ಯಾಬ್ ವರದಿಗಳು ಅಪೂರ್ಣ ಎಂಬ ಎರಡೇ ಸಾಲು. ಯಾವ ವರದಿ, ಯಾವ ದಿನಾಂಕದ್ದು ಎಂಬ ವಿವರವಿರಲಿಲ್ಲ. ಈ ಅಸ್ಪಷ್ಟತೆಯೇ ಕಂಪನಿಯ ಸೇವೆಯಲ್ಲಿ ನಾನು ಕಂಡ ದೊಡ್ಡ ಕೊರತೆ.

ನಮ್ಮ ಕಡತದಲ್ಲಿದ್ದದ್ದು ಬಿಡುಗಡೆಯ ದಿನ ಕೈಗಿತ್ತ ಡಿಸ್ಚಾರ್ಜ್ ಕಾರ್ಡ್. ಅದರಲ್ಲಿ ಮನೆಯಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆಗಳು ಮತ್ತು ಮತ್ತೆ ತೋರಿಸಬೇಕಾದ ದಿನ ಮಾತ್ರ ಇದ್ದವು. ಕಂಪನಿ ಕೇಳುವ ಸಮ್ಮರಿಯೇ ಬೇರೆ. ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಹಾಗೂ ಸಮಯ, ಬಂದಾಗಿನ ತೊಂದರೆ, ಹಳೆಯ ಕಾಯಿಲೆಗಳ ವಿವರ, ರೋಗನಿರ್ಣಯ, ಕೊಟ್ಟ ಚಿಕಿತ್ಸೆ, ಕೊನೆಗೆ ವೈದ್ಯರ ಸಹಿ, ನೋಂದಣಿ ಸಂಖ್ಯೆ ಮತ್ತು ಆಸ್ಪತ್ರೆಯ ಮೊಹರು ಇವೆಲ್ಲ ಅದರಲ್ಲಿರಬೇಕು. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಐ.ಪಿ. ಸಂಖ್ಯೆ ನಮೂದಿಸಿ ಲಿಖಿತ ಅರ್ಜಿ ಕೊಟ್ಟು, ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಪಡೆದೆ. ಒಳರೋಗಿಗಳ ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಅಥವಾ ರೋಗಿಯ ಪರವಾಗಿ ಅಧಿಕೃತರಾದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲಿದೆ. ಅಮ್ಮನ ಸಹಿ ಇರುವ ಒಪ್ಪಿಗೆ ಪತ್ರವನ್ನು ಜೊತೆಗಿಟ್ಟಿದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಸಮ್ಮರಿ ಕೈಗೆ ಬಂದ ಕೂಡಲೇ ಕಳುಹಿಸದೆ ಅಂತಿಮ ಬಿಲ್ಲಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದ್ದು ಬಹಳ ಉಪಯೋಗಕ್ಕೆ ಬಂತು. ಹಿಂದಿನ ಸಂಜೆಯೇ ಟೈಪ್ ಮಾಡಿದ್ದರೆಂದು ಕಾಣುತ್ತದೆ, ಬಿಡುಗಡೆಯ ದಿನಾಂಕ ಬಿಲ್ಲಿಗಿಂತ ಒಂದು ದಿನ ಮುಂಚಿನದಾಗಿತ್ತು. ಹಾಗೆಯೇ ಹೋಗಿದ್ದರೆ ಕೊನೆಯ ದಿನದ ಕೊಠಡಿ ಬಾಡಿಗೆಯ ಬಗ್ಗೆ ಮತ್ತೊಂದು ಪತ್ರ ಬರುತ್ತಿತ್ತು. ಇದಕ್ಕಿಂತ ಗಂಭೀರವಾದದ್ದು ಹಳೆಯ ಕಾಯಿಲೆಯ ಸಾಲು. ಅಮ್ಮನಿಗೆ ಬಿಪಿ ಇರುವುದನ್ನು ಪಾಲಿಸಿ ಮಾಡಿಸುವಾಗಲೇ ತಿಳಿಸಿದ್ದೆವು; ಸಮ್ಮರಿಯಲ್ಲಿ ಬರೆದ ಅವಧಿ ಪ್ರಸ್ತಾವನೆ ಪತ್ರದ ಅವಧಿಯೊಂದಿಗೆ ಹೊಂದುತ್ತದೆಯೇ ಎಂದು ನೋಡಿದೆ, ಹೊಂದುತ್ತಿತ್ತು. ಅಲ್ಲಿ ವರ್ಷಗಳು ಏರುಪೇರಾದರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆಂಬ ಪ್ರಶ್ನೆ ಏಳುತ್ತದೆ. ದಿನಾಂಕದ ತಪ್ಪನ್ನು ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಸರಿಪಡಿಸಿ, ಹೊಸ ಪ್ರತಿಗೆ ಸಹಿ ಮತ್ತು ಮೊಹರು ಹಾಕಿಸಿದೆ. ಪೆನ್ನಿನಿಂದ ತಿದ್ದಿದ ಪ್ರತಿಯನ್ನು ಯಾರೂ ಕಳುಹಿಸಬಾರದು.

ವರದಿಗಳ ವಿಷಯದಲ್ಲಿ ದಾರಿ ತೋರಿಸಿದ್ದು ಲ್ಯಾಬ್ ಬಿಲ್ಲು. ಅದರ ಪ್ರತಿ ಸಾಲಿನ ಎದುರು ವರದಿಯ ದಿನಾಂಕ ಬರೆಯುತ್ತಾ ಹೋದಾಗ ಏನಿಲ್ಲವೆಂಬುದು ತಾನಾಗಿಯೇ ಗೊತ್ತಾಯಿತು. ಡೆಂಗಿ ಪತ್ತೆಹಚ್ಚುವ ಎನ್‌ಎಸ್‌1 ರಕ್ತಪರೀಕ್ಷೆಯ ವರದಿ ಇತ್ತು, ದಾಖಲಾದ ದಿನದ ಪ್ಲೇಟ್‌ಲೆಟ್ ಎಣಿಕೆಯೂ ಇತ್ತು. ನಡುವಿನ ದಿನಗಳ ಎಣಿಕೆಗಳು ಮಾತ್ರ ಕೇಸ್‌ಶೀಟಿನಲ್ಲಿ ಬರೆದು ಉಳಿದಿದ್ದವು, ಮುದ್ರಿತವಾಗಿರಲಿಲ್ಲ. ಡೆಂಗಿಯಲ್ಲಿ ಆ ಏರಿಳಿತವೇ ಆಸ್ಪತ್ರೆಯಲ್ಲಿ ಉಳಿಯಬೇಕಾದ ಕಾರಣವನ್ನು ತೋರಿಸುವುದರಿಂದ ಅವುಗಳಿಲ್ಲದೆ ಕಂಪನಿ ದಾಖಲಾತಿಯ ಅಗತ್ಯವನ್ನೇ ಪ್ರಶ್ನಿಸಬಹುದು. ಬಿಲ್ ಸಂಖ್ಯೆ ಹೇಳಿದ ಮೇಲೆ ಲ್ಯಾಬಿನವರು ಕಂಪ್ಯೂಟರಿನಿಂದ ಮತ್ತೆ ಮುದ್ರಿಸಿ, ಸಹಿ ಹಾಕಿ ಕೊಟ್ಟರು. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಫಿಲ್ಮ್ ಮಾತ್ರ ಇತ್ತು, ವೈದ್ಯರ ಲಿಖಿತ ವರದಿಯನ್ನು ಕೇಳಿ ಪಡೆಯಬೇಕಾಯಿತು.

ಉತ್ತರದ ಪತ್ರ ಒಂದು ಪುಟ ಮೀರಲಿಲ್ಲ. ಮೇಲೆ ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ ಮತ್ತು ಅವರ ಪತ್ರದ ದಿನಾಂಕ. ಕೆಳಗೆ ಅವರು ಕೇಳಿದ ಕ್ರಮದಲ್ಲಿಯೇ ನನ್ನ ಉತ್ತರ, ಪ್ರತಿ ದಾಖಲೆಗೂ ಪುಟ ಸಂಖ್ಯೆ. ಕೊನೆಯಲ್ಲಿ ಹೀಗೆ ಬರೆದೆ: "ಇನ್ನೂ ಯಾವುದಾದರೂ ದಾಖಲೆ ಬೇಕಿದ್ದಲ್ಲಿ ಹೆಸರು, ದಿನಾಂಕ ಸಹಿತ ಒಂದೇ ಬಾರಿಗೆ ತಿಳಿಸಬೇಕು, ಒಳರೋಗಿ ಕೇಸ್‌ಶೀಟನ್ನು ಆಸ್ಪತ್ರೆಯಿಂದ ನೇರವಾಗಿ ಪಡೆಯಲು ನಮ್ಮ ಒಪ್ಪಿಗೆ ಇದೆ." ಕ್ಲೇಮ್ ದಾಖಲೆಗಳನ್ನು ಕಂಪನಿ ಅಥವಾ ಅದರ ಪರವಾಗಿ ಕ್ಲೇಮ್ ಪರಿಶೀಲಿಸುವ ಸಂಸ್ಥೆಯಾದ ಟಿಪಿಎ ಆಸ್ಪತ್ರೆಯಿಂದಲೇ ತರಿಸಿಕೊಳ್ಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಮಾಸ್ಟರ್ ಸುತ್ತೋಲೆ ಹೇಳುತ್ತದೆ. ಆದರೂ ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಾದಾಗ ಓಡಾಟ ನಮ್ಮ ಪಾಲಿಗೇ ಬಂತು, ಇದು ನನಗೆ ಸರಿ ಎನಿಸಲಿಲ್ಲ. ಮೂಲ ಪ್ರತಿಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಸ್ಕ್ಯಾನ್ ಪ್ರತಿಗಳನ್ನು ಇಮೇಲ್ ಮಾಡಿದೆ, ಜೆರಾಕ್ಸ್ ಸೆಟ್ ಒಂದನ್ನು ಮನೆಯಲ್ಲಿ ಇಟ್ಟುಕೊಂಡೆ.

ಆಮೇಲೆ ಹೊಸ ಪ್ರಶ್ನೆ ಬರಲಿಲ್ಲ. ಗ್ಲೌಸು, ನೋಂದಣಿ ಶುಲ್ಕದಂತಹ ಪಾಲಿಸಿಯಲ್ಲಿ ಸೇರದ ಬಾಬತ್ತುಗಳನ್ನು ಕಳೆದು ಉಳಿದ ಹಣ ಅಮ್ಮನ ಖಾತೆಗೆ ಜಮೆಯಾಯಿತು, ಕಡಿತದ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಕಾರಣ ಬರೆದಿದ್ದರು. ಪಾಲಿಸಿಯನ್ನು ನವೀಕರಿಸಿದ್ದೇನೆ. ಆ ಕಡಿತದ ಪಟ್ಟಿಯಷ್ಟೇ ಸ್ಪಷ್ಟವಾಗಿ ಕೊರತೆಯ ಪತ್ರವನ್ನೂ ಬರೆಯಬೇಕೆಂದು ಕಂಪನಿಗೆ ಲಿಖಿತವಾಗಿ ಕೇಳಿದ್ದೇನೆ.